ಫೋನಿನಲ್ಲಿ ಒಪ್ಪಿದ ಬಾಡಿಗೆ ಕರಾರು

ಬೆಂಗಳೂರಿನಲ್ಲಿ ಮನೆ ಬಾಡಿಗೆಯ ಕರಾರು ಹೆಚ್ಚಾಗಿ 11 ತಿಂಗಳಿಗೇ ಇರುತ್ತದೆ. ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. ಆ ಓಡಾಟ, ಖರ್ಚು ಬೇಡವೆಂದು ಈ ಲೆಕ್ಕ. ಅವಧಿ ಮುಗಿಯುವ ಹೊತ್ತಿಗೆ ಓನರೂ ಬಾಡಿಗೆದಾರರೂ ಫೋನಿನಲ್ಲಿ ಮಾತಾಡಿ ಮುಗಿಸುತ್ತಾರೆ. ತಕರಾರು ಏಳುವುದು ಮನೆ ಬಿಡುವಾಗ.

ಒಂದು ಉದಾಹರಣೆ ನೋಡೋಣ. ಬಾಡಿಗೆ 22,000 ರೂಪಾಯಿ, ಮೇಂಟೆನೆನ್ಸ್ 2,000. ಓನರ್ ‘ಐದು ಪರ್ಸೆಂಟ್ ಜಾಸ್ತಿ ಮಾಡಿ’ ಅಂದರು, ಇವರು ‘ಆಯ್ತು ಸರ್’ ಅಂದರು. ಬಾಡಿಗೆಯ ಮೇಲಷ್ಟೇ ಅಂದರೆ 1,100 ಏರುತ್ತದೆ. ಮೇಂಟೆನೆನ್ಸನ್ನೂ ಸೇರಿಸಿದರೆ 1,200. ಇದು ಸಣ್ಣದು, ಮೊದಲ ತಿಂಗಳೇ ಗೊತ್ತಾಗುತ್ತದೆ. ಪೇಂಟಿಂಗ್ ವಿಷಯ ಹಾಗಲ್ಲ. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ಇಲ್ಲಿನ ರೂಢಿ. ‘ಈ ಸಲ ಖರ್ಚಾದಷ್ಟೇ ಹಿಡ್ಕೋತೀನಿ’ ಎಂದು ಓನರ್ ಒಪ್ಪಿದ್ದು ಎರಡು ವರ್ಷದ ನಂತರ ಯಾರಿಗೆ ನೆನಪಿರುತ್ತದೆ?

ಹಾಗಾಗಿ ಮಾತು ಮುಗಿದ ದಿನವೇ ಒಂದು ವಾಟ್ಸಾಪ್ ಮೆಸೇಜ್ ಹಾಕಬೇಕು:

‘ನಮಸ್ಕಾರ ಸರ್. ಇವತ್ತು ಮಾತಾಡಿದ ಹಾಗೆ, ಜೂನ್ 1ರಿಂದ 11 ತಿಂಗಳಿಗೆ ಕರಾರು ಮುಂದುವರಿಸೋಣ. ಬಾಡಿಗೆ 22,000ದಿಂದ 23,100 ಆಗುತ್ತದೆ. ಮೇಂಟೆನೆನ್ಸ್ 2,000 ಹಾಗೇ ಇರುತ್ತದೆ. ಅಡ್ವಾನ್ಸ್ 1,50,000 ನಿಮ್ಮ ಹತ್ತಿರವೇ ಇದೆ, ಹೆಚ್ಚಿಗೆ ಕೊಡುವುದಿಲ್ಲ. ಮನೆ ಬಿಡಲು ಇಬ್ಬರ ಕಡೆಯಿಂದಲೂ ಎರಡು ತಿಂಗಳ ಬದಲು ಒಂದು ತಿಂಗಳ ನೋಟಿಸ್. ಪೇಂಟಿಂಗಿಗೆ ಬಿಲ್ ಇರುವಷ್ಟೇ, ಹೆಚ್ಚೆಂದರೆ 15,000 ಮುರಿದುಕೊಳ್ಳುವುದು. ಬಚ್ಚಲುಮನೆಯ ಸೋರಿಕೆ ಮೇ 25ರೊಳಗೆ ನೀವು ಸರಿಮಾಡಿಸುತ್ತೀರಿ. ಉಳಿದ ಷರತ್ತು ಹಳೆಯ ಕರಾರಿನಂತೆ. ಸರಿಯಿದ್ದರೆ “ಒಪ್ಪಿಗೆ” ಎಂದು ಉತ್ತರಿಸಿ, ತಪ್ಪಿದ್ದರೆ ತಿಳಿಸಿ.’

ಬಾಡಿಗೆಯನ್ನು ಪರ್ಸೆಂಟಿನಲ್ಲಿ ಬರೆಯದೆ ಹಳೆಯ ಮೊತ್ತ, ಹೊಸ ಮೊತ್ತ ಎರಡನ್ನೂ ಹಾಕಿದ್ದನ್ನು ಗಮನಿಸಿ. ಬದಲಾಗದ ಅಡ್ವಾನ್ಸನ್ನೂ ಹೇಳಿದೆ, ಏಕೆಂದರೆ ಬಾಡಿಗೆ ಏರಿದಾಗ ಅದೂ ಏರಬೇಕೆಂಬ ಮಾತು ಆಮೇಲೆ ಬರುವುದುಂಟು. ಉತ್ತರ ಬರದೆ ನೀಲಿ ಟಿಕ್ ಮಾತ್ರ ಕಂಡರೆ, ಓದಿದ್ದಾರೆ ಎಂದಷ್ಟೇ ಅರ್ಥ. ಇನ್ನೊಮ್ಮೆ ಕೇಳಲು ಸಂಕೋಚ ಬೇಡ. ಮೆಸೇಜು ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಆನ್ ಆಗಿದ್ದರೆ ಮೊದಲು ಆಫ್ ಮಾಡಿ.

ಮೆಸೇಜು ಕರಾರು ಪತ್ರಕ್ಕೆ ಬದಲಿಯಲ್ಲ. ಇಬ್ಬರೂ ಸಹಿ ಹಾಕಿದ ಪತ್ರದಲ್ಲಿ ಬೇರೆಯೇ ಇದ್ದರೆ ಸಾಮಾನ್ಯವಾಗಿ ಆ ಪತ್ರದ ಮಾತೇ ನಡೆಯುತ್ತದೆ. ಟೈಪಿಂಗ್ ಅಂಗಡಿಯವರು ಹಳೆಯ ಫೈಲ್ ತೆರೆದು ತಾರೀಖು, ಬಾಡಿಗೆ ಎರಡನ್ನೇ ಬದಲಿಸಿ ಪ್ರಿಂಟ್ ತೆಗೆಯುವುದೇ ಹೆಚ್ಚು; ಎರಡು ತಿಂಗಳ ನೋಟಿಸು, ಹಳೆಯ ಪೇಂಟಿಂಗ್ ಷರತ್ತು ಸದ್ದಿಲ್ಲದೆ ಒಳಗೇ ಉಳಿದಿರುತ್ತವೆ. ಸಹಿಗೆ ಮುಂಚೆ ಮೆಸೇಜನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ತಾಳೆ ನೋಡಿ. ಒಂದೆರಡು ಕಡೆ ತಪ್ಪಿದ್ದರೆ ಪೆನ್ನಿನಲ್ಲಿ ತಿದ್ದಿ, ತಿದ್ದಿದ ಜಾಗದ ಪಕ್ಕದಲ್ಲೇ ಇಬ್ಬರೂ ಸಹಿ ಹಾಕಿದರಾಯಿತು. ಅಷ್ಟಕ್ಕೆ ಹೊಸ ಸ್ಟಾಂಪ್ ಪೇಪರ್ ತರಬೇಕಿಲ್ಲ.