ದೇವಸ್ಥಾನದ ಖಜಾಂಚಿ ಬದಲಾದಾಗ ಬ್ಯಾಂಕಿಗೊಂದು ಪತ್ರ

ಊರಿನ ಒಂದು ಖಾಸಗಿ ದೇವಸ್ಥಾನ ಟ್ರಸ್ಟಿನ ಖಾತೆಗೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಈ ಮೂವರ ಸಹಿ ಇದೆ. ಇಬ್ಬರು ಸಹಿ ಮಾಡಿದರೆ ಚೆಕ್ ಪಾಸಾಗುತ್ತದೆ ಎಂದಿಟ್ಟುಕೊಳ್ಳಿ. ಖಜಾಂಚಿ ರಾಜೀನಾಮೆ ಕೊಟ್ಟು ಹೊಸಬರು ಬಂದಿದ್ದಾರೆ. ಲೆಟರ್‌ಹೆಡ್‌ನಲ್ಲಿ ‘ಇವರ ಸಹಿ ಸೇರಿಸಿಕೊಳ್ಳಿ’ ಎಂದು ಬರೆದುಕೊಟ್ಟರೆ ಕೆಲಸ ಆಗುವುದಿಲ್ಲ. ಹೊಸಬರಿಗೆ ಈ ಅಧಿಕಾರ ಎಲ್ಲಿಂದ ಬಂತು ಎಂಬುದಕ್ಕೆ ಬ್ಯಾಂಕು ದಾಖಲೆ ಕೇಳುತ್ತದೆ.

ಹಳೆಯ ಟ್ರಸ್ಟ್ ಡೀಡಿನಲ್ಲಿ ಹೊಸಬರ ಹೆಸರು ಇರುವುದಿಲ್ಲ. ಹಾಗಾಗಿ ಡೀಡಿನಲ್ಲಿ ಹೇಳಿದ ಕ್ರಮದಲ್ಲೇ ಸಭೆ ಕರೆದು, ಕೋರಂ ಇದೆಯೆಂದು ನಡಾವಳಿ ಪುಸ್ತಕದಲ್ಲಿ ಬರೆದು, ಎರಡು ನಿರ್ಣಯ ಮಾಡಬೇಕು. ಮೊದಲನೆಯದು ರಾಜೀನಾಮೆಯ ಅಂಗೀಕಾರ ಮತ್ತು ಹೊಸ ಟ್ರಸ್ಟಿಯ ನೇಮಕ. ಎರಡನೆಯದು ಬ್ಯಾಂಕಿಗಾಗಿ:

‘ದಿನಾಂಕ ____ರ ಸಭೆಯಲ್ಲಿ ನಿರ್ಣಯಿಸಿದ್ದೇನೆಂದರೆ, ____ ಬ್ಯಾಂಕ್, ____ ಶಾಖೆಯ ಖಾತೆ ಸಂಖ್ಯೆ ____ಕ್ಕೆ ಶ್ರೀ ____ ಅವರಿಗಿದ್ದ ಸಹಿ ಅಧಿಕಾರವನ್ನು ರದ್ದುಪಡಿಸಲಾಗಿದೆ. ಅವರ ಬದಲಿಗೆ ಖಜಾಂಚಿ ಶ್ರೀ ____ ಅವರಿಗೆ ಅಧಿಕಾರ ನೀಡಲಾಗಿದೆ. ಇನ್ನು ಮುಂದೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಇವರಲ್ಲಿ ಯಾರಾದರೂ ಇಬ್ಬರು ಜಂಟಿಯಾಗಿ ಖಾತೆ ನಿರ್ವಹಿಸತಕ್ಕದ್ದು.’

ಹಲವರು ಹೊಸಬರನ್ನು ಸೇರಿಸುತ್ತಾರೆ, ಹಳಬರನ್ನು ತೆಗೆಯುವ ಮಾತು ಬರೆಯುವುದಿಲ್ಲ. ಆಗ ಹಳೆಯ ಸಹಿಯೂ ಖಾತೆಯಲ್ಲಿ ಉಳಿದುಬಿಡುತ್ತದೆ. ‘ಜಂಟಿಯಾಗಿ’ ಎಂಬುದು ಬಿಟ್ಟುಹೋದರೆ ಒಬ್ಬರ ಸಹಿ ಸಾಕೋ, ಇಬ್ಬರದು ಬೇಕೋ ಎಂದು ಬ್ಯಾಂಕು ಪತ್ರ ವಾಪಸ್ ಕೊಡುತ್ತದೆ.

ಪತ್ರ ಚಿಕ್ಕದಾಗಿದ್ದರೆ ಸಾಕು:

‘ಶಾಖಾ ವ್ಯವಸ್ಥಾಪಕರಿಗೆ. ವಿಷಯ: ಖಾತೆ ಸಂಖ್ಯೆ ____ರ ಸಹಿದಾರರ ಬದಲಾವಣೆ. ಮಾನ್ಯರೇ, ಲಗತ್ತಿಸಿದ ನಿರ್ಣಯದಂತೆ ಶ್ರೀ ____ ಅವರ ಸಹಿಯನ್ನು ತೆಗೆದು ಶ್ರೀ ____ ಅವರ ಸಹಿಯನ್ನು ದಾಖಲಿಸಿಕೊಳ್ಳಲು ಕೋರುತ್ತೇವೆ. ಈಗಾಗಲೇ ನೀಡಿರುವ ಚೆಕ್ ಸಂಖ್ಯೆ ____, ____ ಇವುಗಳನ್ನು ಹಳೆಯ ಸಹಿಯಲ್ಲೇ ಪಾವತಿಸಬೇಕು.’

ಕೊನೆಯ ವಾಕ್ಯ ಮುಖ್ಯ. ಪೂಜಾ ಸಾಮಗ್ರಿಯ ಅಂಗಡಿಗೆ ಕೊಟ್ಟ ಚೆಕ್ ಸಹಿ ಬದಲಾದ ಮೇಲೆ ಬ್ಯಾಂಕಿಗೆ ಬಂದರೆ, ಸಹಿ ಹೊಂದುವುದಿಲ್ಲವೆಂದು ಹಿಂದಿರುಗಬಹುದು.

ಪತ್ರದ ಜೊತೆ ಇಡಬೇಕಾದವು:

- ಎರಡೂ ನಿರ್ಣಯಗಳ ದೃಢೀಕೃತ ನಕಲು
- ನೋಂದಾಯಿತ ಟ್ರಸ್ಟ್ ಡೀಡ್, ತಿದ್ದುಪಡಿ ಇದ್ದರೆ ಅದೂ
- ಟ್ರಸ್ಟಿನ ಪ್ಯಾನ್ ಕಾರ್ಡ್
- ಈಗಿನ ಟ್ರಸ್ಟಿಗಳ ಪಟ್ಟಿ
- ರಾಜೀನಾಮೆ ಪತ್ರ. ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ
- ಹೊಸ ಸಹಿದಾರರ ಫೋಟೊ, ಪ್ಯಾನ್, ಆಧಾರ್ ಅಥವಾ ಬ್ಯಾಂಕು ಒಪ್ಪುವ ಬೇರೆ ಗುರುತು ದಾಖಲೆ
- ಬ್ಯಾಂಕಿನ ನಮೂನೆಯಲ್ಲಿ ಮಾದರಿ ಸಹಿ

ಬ್ಯಾಂಕಿನಿಂದ ಬ್ಯಾಂಕಿಗೆ ನಮೂನೆ ಬೇರೆಯಾಗುವುದರಿಂದ ಮೊದಲೇ ಶಾಖೆಯಲ್ಲಿ ಕೇಳಿಕೊಳ್ಳಿ. ನಿರ್ಣಯದ ನಕಲನ್ನು ಅಧ್ಯಕ್ಷರು, ಕಾರ್ಯದರ್ಶಿ ದೃಢೀಕರಿಸಲಿ. ಹೊಸ ಖಜಾಂಚಿಯೇ ತನಗೆ ಅಧಿಕಾರ ಬಂದಿದೆಯೆಂದು ಸಹಿ ಹಾಕುವುದು ಸರಿಯಲ್ಲ.

ನೆಟ್ ಬ್ಯಾಂಕಿಂಗ್ ಇದ್ದರೆ ಹಳೆಯ ಖಜಾಂಚಿಯ ಲಾಗಿನ್ ಮತ್ತು ಒಟಿಪಿ ಬರುವ ಮೊಬೈಲ್ ನಂಬರನ್ನೂ ಇದೇ ಪತ್ರದಲ್ಲಿ ಬದಲಿಸಲು ಕೇಳಿ. ಪತ್ರದ ಪ್ರತಿಗೆ ಶಾಖೆಯ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಬದಲಾವಣೆ ದಾಖಲಾಗಿದೆಯೆಂದು ಬ್ಯಾಂಕು ತಿಳಿಸುವವರೆಗೆ ಹೊಸಬರ ಸಹಿಯಲ್ಲಿ ಚೆಕ್ ಬರೆಯಬೇಡಿ.