ಸಂದರ್ಶನ ಮುಂದೂಡಲು ಕೋರುವ ಇಮೇಲ್

ಸಂದರ್ಶನದ ದಿನ ಬದಲಿಸಿಕೊಡಿ ಎಂದು ಕೇಳುವ ಇಮೇಲನ್ನು ಖಾಸಗಿ ಕಂಪನಿಗಳಲ್ಲಿ ಮೊದಲು ಓದುವವರು ಸಾಮಾನ್ಯವಾಗಿ ಸಂದರ್ಶನ ಮಾಡುವವರಲ್ಲ, ಎಚ್‌ಆರ್ ವಿಭಾಗದಲ್ಲಿ ಸಮಯ ಹೊಂದಿಸುವ ಸಿಬ್ಬಂದಿ. ಓದಿದ ಕೂಡಲೇ ಅವರ ತಲೆಯ ಮೇಲೆ ಕೆಲಸ ಬೀಳುತ್ತದೆ. ಈ ಸಂದರ್ಶನಕ್ಕೆಂದೇ ಬಿಡುವು ಮಾಡಿಕೊಂಡಿದ್ದ ಇಬ್ಬರು ಮೂವರಿಗೆ ವಿಷಯ ತಿಳಿಸಬೇಕು, ಕ್ಯಾಲೆಂಡರಿನಲ್ಲಿ ಕಾದಿರಿಸಿದ್ದ ಹೊತ್ತನ್ನು ತೆರವು ಮಾಡಬೇಕು, ಎಲ್ಲರಿಗೂ ಒಗ್ಗುವ ಇನ್ನೊಂದು ದಿನ ಹುಡುಕಬೇಕು. ವಿಷಯ ತಿಳಿಸಲು ಅವರು ಹೊಸದಾಗಿ ಬರೆಯುತ್ತ ಕೂರುವುದು ಅಪರೂಪ. ಬಂದ ಇಮೇಲನ್ನೇ ಫಾರ್ವರ್ಡ್ ಮಾಡಿಬಿಡುತ್ತಾರೆ. ಇದು ನೆನಪಿದ್ದರೆ ಆ ಇಮೇಲಿನಲ್ಲಿ ಏನಿರಬೇಕು, ಏನಿರಬಾರದು ಎಂಬುದು ಬಹುಮಟ್ಟಿಗೆ ಇತ್ಯರ್ಥವಾದಂತೆಯೇ.

ಒಂದು ಉದಾಹರಣೆ ನೋಡಬಹುದು. ಮೈಸೂರಿನಲ್ಲಿ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ ಯುವತಿಯೊಬ್ಬಳಿಗೆ ಬೆಂಗಳೂರಿನ ಕಂಪನಿಯೊಂದರ ಸಂದರ್ಶನ ಗುರುವಾರ ಬೆಳಿಗ್ಗೆ 11ಕ್ಕೆ ನಿಗದಿಯಾಗಿದೆ. ಬುಧವಾರ ರಾತ್ರಿ ಹಾಸನದಲ್ಲಿರುವ ತಂದೆಗೆ ಎದೆನೋವು ಕಾಣಿಸಿಕೊಂಡು ಆಸ್ಪತ್ರೆಗೆ ಸೇರಿಸುತ್ತಾರೆ. ಅವಳು ರಾತ್ರೋರಾತ್ರಿ ಹಾಸನಕ್ಕೆ ಹೊರಡುತ್ತಾಳೆ. ಇಮೇಲ್ ಕಳಿಸಲು ಸರಿಯಾದ ಹೊತ್ತು ಯಾವುದು? ಸಂದರ್ಶನಕ್ಕೆ ಹೋಗಲಾಗದು ಎಂಬುದು ಖಚಿತವಾದ ಗಳಿಗೆಯೇ. ಅದು ನಡುರಾತ್ರಿಯಾದರೂ ಅಡ್ಡಿಯಿಲ್ಲ. ಎಚ್‌ಆರ್ ಸಿಬ್ಬಂದಿ ಬೆಳಿಗ್ಗೆ ಕಚೇರಿಯಲ್ಲಿ ಇಮೇಲ್ ತೆರೆದಾಗ ಅದು ಕಣ್ಣಿಗೆ ಬೀಳಬೇಕು. ಆದರೆ ಸಂದರ್ಶನಕ್ಕೆ ಕೆಲವೇ ಗಂಟೆ ಉಳಿದಿರುವಾಗ ಇಮೇಲೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಕಚೇರಿ ತೆರೆಯುತ್ತಲೇ ಫೋನ್ ಮಾಡಿ ಎರಡು ಮಾತಿನಲ್ಲಿ ಹೇಳಬೇಕು. ಫೋನ್ ವಿಷಯ ಮುಟ್ಟಿಸುತ್ತದೆ, ಇಮೇಲ್ ದಾಖಲೆಯಾಗಿ ಉಳಿಯುತ್ತದೆ.

ಇಮೇಲನ್ನು ಹೊಸದಾಗಿ ಶುರುಮಾಡುವುದಕ್ಕಿಂತ ಸಂದರ್ಶನದ ಸಮಯ ತಿಳಿಸಿ ಬಂದಿದ್ದ ಇಮೇಲಿಗೇ ಉತ್ತರವಾಗಿ ಬರೆಯುವುದು ಮೇಲು. ಹುದ್ದೆ, ದಿನಾಂಕ, ಸಂದರ್ಶಕರ ಹೆಸರು ಎಲ್ಲವೂ ಕೆಳಗೇ ಇರುವುದರಿಂದ ಓದುವವರು ಹುಡುಕಾಡಬೇಕಾಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಹಲವು ಕಂಪನಿಗಳ ಆಹ್ವಾನ ತಂತ್ರಾಂಶದಿಂದ ತಾನಾಗಿಯೇ ಬಂದಿರುತ್ತದೆ. ಕಳಿಸಿದ ವಿಳಾಸ `no-reply` ಎಂದು ಶುರುವಾಗಿದ್ದರೆ ಅದಕ್ಕೆ ಬರೆದ ಉತ್ತರವನ್ನು ಯಾರೂ ಓದುವುದಿಲ್ಲ. ಆಗ ಮೊದಲು ಮಾತನಾಡಿದ್ದ ಎಚ್‌ಆರ್ ಸಿಬ್ಬಂದಿಯ ವಿಳಾಸಕ್ಕೇ ಬರೆಯಬೇಕು. ಕ್ಯಾಲೆಂಡರ್ ಆಹ್ವಾನದಲ್ಲಿ ‘ಬರುವುದಿಲ್ಲ’ ಎಂಬುದನ್ನು ಒತ್ತಿ ಸುಮ್ಮನಾಗುವುದು ಇದಕ್ಕಿಂತ ದೊಡ್ಡ ತಪ್ಪು. ಅಭ್ಯರ್ಥಿಗೆ ಈ ಕೆಲಸವೇ ಬೇಡವಾಗಿದೆ ಎಂದು ಆ ಕಡೆಯವರು ತಿಳಿದರೆ ಅವರನ್ನು ದೂರುವಂತಿಲ್ಲ.

ಮೇಲಿನ ಉದಾಹರಣೆಯ ಯುವತಿ ಹೀಗೆ ಬರೆಯಬಹುದು:

ವಿಷಯ: ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆ – ಇಂದು 11 ಗಂಟೆಯ ಸಂದರ್ಶನ ಮುಂದೂಡಲು ಕೋರಿಕೆ

ನಮಸ್ಕಾರ ಮೇಡಂ,

ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಗೆ ಇಂದು, ಗುರುವಾರ, ಬೆಳಿಗ್ಗೆ 11 ಗಂಟೆಗೆ ನನ್ನ ಸಂದರ್ಶನ ನಿಗದಿಯಾಗಿದೆ. ನನ್ನ ತಂದೆಯವರನ್ನು ನಿನ್ನೆ ರಾತ್ರಿ ತುರ್ತಾಗಿ ಆಸ್ಪತ್ರೆಗೆ ಸೇರಿಸಿದ್ದು, ನಾನು ಅವರ ಜೊತೆ ಹಾಸನದಲ್ಲಿದ್ದೇನೆ. ಹೀಗಾಗಿ ಇಂದು ಸಂದರ್ಶನಕ್ಕೆ ಹಾಜರಾಗಲು ಆಗುತ್ತಿಲ್ಲ.

ಈ ಹುದ್ದೆಯಲ್ಲಿ ನನಗೆ ಮೊದಲಿನಷ್ಟೇ ಆಸಕ್ತಿ ಇದೆ. ಮುಂದಿನ ಬುಧವಾರ ಅಥವಾ ಗುರುವಾರ ಯಾವ ಹೊತ್ತಿಗಾದರೂ, ಶುಕ್ರವಾರ ಮಧ್ಯಾಹ್ನ 2ರ ನಂತರ ನಾನು ಬರಬಲ್ಲೆ. ಈ ದಿನಗಳು ಹೊಂದದಿದ್ದರೆ ತಮಗೆ ಅನುಕೂಲವಾದ ದಿನ ತಿಳಿಸಬೇಕೆಂದು ಕೋರುತ್ತೇನೆ.

ಕೊನೆಯ ಗಳಿಗೆಯಲ್ಲಿ ತಿಳಿಸಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ. ಸಂದರ್ಶಕರಿಗೂ ದಯವಿಟ್ಟು ತಿಳಿಸಿ.

ವಂದನೆಗಳೊಂದಿಗೆ,
(ಹೆಸರು, ಮೊಬೈಲ್ ಸಂಖ್ಯೆ)

ಕಷ್ಟದ ವಿವರ ಇಲ್ಲಿ ಒಂದೇ ವಾಕ್ಯದಲ್ಲಿ ಮುಗಿದಿದೆ. ಯಾರಿಗೆ ಏನಾಯಿತು, ಅಭ್ಯರ್ಥಿ ಈಗ ಎಲ್ಲಿದ್ದಾಳೆ ಎಂಬಷ್ಟು ತಿಳಿದರೆ ಓದುವವರಿಗೆ ಸಾಕು. ಆಂಜಿಯೋಗ್ರಾಂ ಫಲಿತಾಂಶ, ವೈದ್ಯರು ಹೇಳಿದ್ದು, ಮನೆಯಲ್ಲಿ ನೋಡಿಕೊಳ್ಳಲು ಬೇರೆ ಯಾರೂ ಇಲ್ಲದಿರುವುದು, ಇವೆಲ್ಲ ನಿಜವೇ ಆದರೂ ಇಲ್ಲಿಗೆ ಬೇಡ. ಇಮೇಲ್ ಫಾರ್ವರ್ಡ್ ಆದಾಗ ತಂದೆಯ ಕಾಯಿಲೆಯ ವಿವರ ಅವರನ್ನು ಎಂದೂ ಕಾಣದ ನಾಲ್ಕು ಜನರ ಕೈ ಸೇರುತ್ತದೆ. ಆಸ್ಪತ್ರೆಯ ಚೀಟಿಯನ್ನು ಫೋಟೋ ತೆಗೆದು ಲಗತ್ತಿಸುವವರೂ ಇದ್ದಾರೆ. ತಮ್ಮ ಮಾತನ್ನು ನಂಬಲಿಕ್ಕಿಲ್ಲ ಎಂಬ ಅಳುಕೇ ಅದಕ್ಕೆ ಕಾರಣ. ಕೇಳದೆ ಅದನ್ನು ಕೊಡಬೇಕಾಗಿಲ್ಲ. ಹಾಗೆಂದು ಕಾರಣವನ್ನು ತೀರಾ ಮಸುಕಾಗಿಸುವುದೂ ಒಳ್ಳೆಯದಲ್ಲ. ‘ವೈಯಕ್ತಿಕ ಕಾರಣಗಳಿಂದ’ ಎಂದಷ್ಟೇ ಬರೆದರೆ ನಿಜವಾದ ಸಂಕಟವೂ ನೆಪದಂತೆ ಕಾಣುತ್ತದೆ.

ಹೆಚ್ಚು ಜನ ಎಡವುವುದು ಹೊಸ ದಿನ ಸೂಚಿಸುವಾಗ. ಅವಕಾಶ ಕೈತಪ್ಪೀತೆಂಬ ಹೆದರಿಕೆಯಲ್ಲಿ ‘ನಾಳೆ ಬರುತ್ತೇನೆ’ ಎಂದು ಬರೆದುಬಿಡುತ್ತಾರೆ. ಆಸ್ಪತ್ರೆಗೆ ಸೇರಿದವರು ಯಾವಾಗ ಮನೆಗೆ ಬರುತ್ತಾರೆ ಎಂಬುದು ಮೊದಲ ರಾತ್ರಿ ಯಾರಿಗೂ ಗೊತ್ತಿರುವುದಿಲ್ಲ. ಮರುದಿನ ಮತ್ತೆ ಮುಂದೂಡಿ ಎಂದು ಕೇಳಬೇಕಾಗಿ ಬಂದರೆ ಮೊದಲ ಕೋರಿಕೆಗೆ ಸಿಕ್ಕ ಸಹಾನುಭೂತಿ ಎರಡನೆಯದಕ್ಕೆ ಸಿಗುವುದು ಕಷ್ಟ. ಆದ್ದರಿಂದಲೇ ಮೇಲಿನ ಇಮೇಲಿನಲ್ಲಿ ಐದಾರು ದಿನ ಬಿಟ್ಟು, ಒಂದರ ಬದಲು ಮೂರು ದಿನ ಸೂಚಿಸಲಾಗಿದೆ. ದಿನ ಹೇಳಲು ಆಗುವುದೇ ಇಲ್ಲ ಎಂಬ ಸ್ಥಿತಿ ಇದ್ದರೆ ‘ಸೋಮವಾರದೊಳಗೆ ತಿಳಿಸುತ್ತೇನೆ’ ಎಂದು ಬರೆದು, ಸೋಮವಾರ ಮರೆಯದೆ ತಿಳಿಸಬೇಕು. ಮನೆಯಲ್ಲಿ ಸಾವಾಗಿದ್ದರೆ ಹನ್ನೊಂದನೆಯ ಅಥವಾ ಹದಿಮೂರನೆಯ ದಿನದ ಕಾರ್ಯ ಮುಗಿಯುವವರೆಗೆ ಊರು ಬಿಡಲಾಗದವರು ಬಹಳ. ಇಲ್ಲಿಯ ಎಚ್‌ಆರ್ ಸಿಬ್ಬಂದಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂದರ್ಶಕರು ಹೊರದೇಶದವರಾಗಿದ್ದರೆ ಆಚರಣೆಯನ್ನು ವಿವರಿಸುವ ಬದಲು ಇಂಥ ತಾರೀಕಿನ ನಂತರ ಲಭ್ಯ ಎಂದು ಬರೆದು, ಹೊತ್ತಿನ ಪಕ್ಕ ಭಾರತೀಯ ಕಾಲಮಾನ ಎಂದು ಸೇರಿಸಿದರೆ ಗೊಂದಲವಿರುವುದಿಲ್ಲ.

ಇಮೇಲ್ ಕಳಿಸಿದ ಮಾತ್ರಕ್ಕೆ ಸಂದರ್ಶನ ಮುಂದೆ ಹೋಯಿತೆಂದಲ್ಲ. ‘ಆಗಲಿ’ ಎಂಬ ಉತ್ತರ ಬರುವವರೆಗೆ ಅದು ಕೋರಿಕೆ ಮಾತ್ರ. ಉತ್ತರ ಬಾರದೆ ಸಂದರ್ಶನದ ಹೊತ್ತು ಹತ್ತಿರವಾದರೆ ಮತ್ತೊಮ್ಮೆ ಫೋನ್ ಮಾಡಬೇಕು. ತಾನು ಆಸ್ಪತ್ರೆಯಲ್ಲಿ ಓಡಾಡುತ್ತಿದ್ದರೆ ಮನೆಯವರ ಅಥವಾ ಗೆಳೆಯರ ಕೈಯಲ್ಲಿ ಮಾಡಿಸಿದರೂ ನಡೆಯುತ್ತದೆ. ಹೊಸ ಸಮಯ ಬಂದ ಮೇಲೆ ಒಪ್ಪಿಗೆಯ ಒಂದು ಸಾಲು ಬರೆದು, ವಿಡಿಯೋ ಸಂದರ್ಶನವಾದರೆ ಲಿಂಕ್ ಹಳೆಯದೋ ಹೊಸದೋ ಎಂದು ನೋಡಿಕೊಳ್ಳಬೇಕು. ಹಳೆಯ ಲಿಂಕಿನಲ್ಲಿ ಒಬ್ಬರೇ ಕಾಯುತ್ತ ಕುಳಿತವರಿದ್ದಾರೆ.

ಈ ದಾರಿ ಎಲ್ಲ ಕಡೆ ಸಾಗುವುದಿಲ್ಲ. ಕಾಲೇಜಿನ ಕ್ಯಾಂಪಸ್ ಸಂದರ್ಶನವಾದರೆ ಕಂಪನಿಗೆ ನೇರವಾಗಿ ಬರೆಯುವ ಬದಲು ಪ್ಲೇಸ್‌ಮೆಂಟ್ ಅಧಿಕಾರಿಗೆ ಮೊದಲು ಹೇಳಬೇಕು. ಕಂಪನಿಯ ಜೊತೆ ಮಾತನಾಡುವವರು ಅವರೇ. ಸರ್ಕಾರಿ ನೇಮಕಾತಿಯಲ್ಲಿ ನಿಯಮ ಇನ್ನೂ ಬಿಗಿ. ಕೇಂದ್ರ ಲೋಕಸೇವಾ ಆಯೋಗ ನಾಗರಿಕ ಸೇವೆಗಳ ವ್ಯಕ್ತಿತ್ವ ಪರೀಕ್ಷೆಯ ದಿನ ಬದಲಿಸಬೇಕೆಂಬ ಕೋರಿಕೆಯನ್ನು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ ಎಂದು ತನ್ನ ಪ್ರಕಟಣೆಗಳಲ್ಲಿ ಮೊದಲೇ ಹೇಳಿರುತ್ತದೆ. ಅಂಥ ಸಂದರ್ಶನ ಇರುವವರು ಕರೆಪತ್ರ ಕೈಗೆ ಬಂದ ದಿನವೇ ಈ ನಿಯಮವನ್ನು ಓದಿಟ್ಟುಕೊಳ್ಳುವುದು ಒಳ್ಳೆಯದು.