16,000 ಸಲ ತಾಳಿದ ಲೋಹ 1,290 ಹಾರಾಟಕ್ಕೇ ಏಕೆ ಒಡೆಯಿತು?

ಲೋಹದ ದಣಿವು, ತುಕ್ಕು ಎಂಬ ವಿಷಯದ ಮೇಲೆ ಉಪನ್ಯಾಸ ನಡೆದರೆ ಕೊನೆಗೆ ಸಭಿಕರಲ್ಲಿ ಯಾರಾದರೂ ಎದ್ದು, ‘ಇದು ಎಷ್ಟು ವರ್ಷ ಬಾಳುತ್ತದೆ?’ ಎಂದು ಕೇಳುತ್ತಾರೆ. ಉಪನ್ಯಾಸಕರು ಒಂದು ಸಂಖ್ಯೆ ಹೇಳುತ್ತಾರೆ, ಕೇಳಿದವರು ಕೂರುತ್ತಾರೆ. ಆ ಸಂಖ್ಯೆ ಯಾವ ಪರೀಕ್ಷೆಯಿಂದ ಬಂತು, ಪರೀಕ್ಷೆಗೆ ಒಡ್ಡಿದ ತುಂಡು ಅದಕ್ಕೆ ಮೊದಲು ಏನೇನು ಅನುಭವಿಸಿತ್ತು ಎಂದು ಕೇಳುವವರು ಕಡಿಮೆ. ಈ ಎರಡನೆಯ ಪ್ರಶ್ನೆಯ ಬೆಲೆ ತಿಳಿಯಲು ಬ್ರಿಟನ್ನಿನ ಕಾಮೆಟ್ ವಿಮಾನದ ಕಥೆ ಸಾಕು.

ಡಿ ಹ್ಯಾವಿಲ್ಯಾಂಡ್ ಕಂಪನಿಯ ಕಾಮೆಟ್ 1952ರಲ್ಲಿ ಪ್ರಯಾಣಿಕರನ್ನು ಹೊತ್ತು ಹಾರತೊಡಗಿದ ಮೊದಲ ಜೆಟ್ ವಿಮಾನ. ಅಷ್ಟು ಎತ್ತರದಲ್ಲಿ ಒಳಗಿರುವವರು ಉಸಿರಾಡಬೇಕಾದರೆ ಕ್ಯಾಬಿನ್ನಿಗೆ ಗಾಳಿ ತುಂಬಿ ಒತ್ತಡ ಕಾಯ್ದುಕೊಳ್ಳಬೇಕು. ಹಾಗಾಗಿ ಪ್ರತಿ ಹಾರಾಟದಲ್ಲೂ ವಿಮಾನದ ತೆಳು ಅಲ್ಯುಮಿನಿಯಂ ಹೊದಿಕೆ ಒಮ್ಮೆ ಹಿಗ್ಗಿ ಒಮ್ಮೆ ಸಡಿಲಗೊಳ್ಳುತ್ತದೆ. ಒಂದು ಸಲದ ಒತ್ತಡಕ್ಕೆ ಮುರಿಯದ ಲೋಹದಲ್ಲೂ ಹೀಗೆ ಸಾವಿರಾರು ಸಲ ಆದಾಗ ಬಿರುಕು ಹುಟ್ಟುತ್ತದೆ. ಇದೇ ದಣಿವು. ಕಂಪನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ವಿಮಾನದ ಒಡಲಿನ ಒಂದು ಭಾಗಕ್ಕೆ ಸುಮಾರು 16,000 ಸಲ ಒತ್ತಡ ಕೊಟ್ಟು ನೋಡಿದ್ದರು. ವಿಮಾನದ ಇಡೀ ಆಯುಷ್ಯಕ್ಕೆ ಅದು ಧಾರಾಳವಾಗಿ ಸಾಕು ಅನ್ನಿಸಿತ್ತು.

1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಬಳಿ ಒಂದು ಕಾಮೆಟ್ ಆಕಾಶದಲ್ಲೇ ಚೂರಾಯಿತು. ಅದು ಹಾರಿದ್ದು 1,290 ಸಲ ಮಾತ್ರ. ಏಪ್ರಿಲ್ 8ರಂದು ನೇಪಲ್ಸ್ ಬಳಿ ಇನ್ನೊಂದು ಬಿತ್ತು. ಅದರ ಹಾರಾಟ ಸುಮಾರು 900. ಕಾರಣದ ಬಗ್ಗೆ ಊಹೆಗಳಿಗೆ ಬರವಿರಲಿಲ್ಲ. ಜಗಳ ತೀರಿಸಲು ಫಾರ್ನ್‌ಬರೋದ ಸಂಶೋಧನಾಲಯದವರು ಸೇವೆಯಲ್ಲಿದ್ದ ಇಡೀ ಕಾಮೆಟ್ ಒಂದರ ಒಡಲನ್ನು ದೊಡ್ಡ ತೊಟ್ಟಿಯಲ್ಲಿ ಇಳಿಸಿ, ಒಳಗೂ ಹೊರಗೂ ನೀರು ತುಂಬಿ, ಹಾರಾಟದಂತೆಯೇ ಒತ್ತಡ ಏರಿಸಿ ಇಳಿಸಿದರು. ನೀರೇ ಏಕೆಂದರೆ, ಅದನ್ನು ಗಾಳಿಯಂತೆ ಹಿಂಡಲಾಗದು. ಹೊದಿಕೆ ಒಡೆದರೂ ಅದು ಬಾಂಬಿನಂತೆ ಸಿಡಿದು ಸಾಕ್ಷ್ಯವನ್ನೇ ಚೆಲ್ಲಾಪಿಲ್ಲಿ ಮಾಡುವುದಿಲ್ಲ. ಹಳೆಯ ಹಾರಾಟಗಳೂ ತೊಟ್ಟಿಯ ಸುತ್ತುಗಳೂ ಸೇರಿ ಸುಮಾರು 3,060 ಆಗುವಷ್ಟರಲ್ಲಿ ಕಿಟಕಿ ಕಂಡಿಯ ಮೂಲೆಯಿಂದ ಬಿರುಕು ಹರಿಯಿತು. ಎಲ್ಬಾ ಬಳಿ ಸಮುದ್ರದಿಂದ ಎತ್ತಿದ ಚಾವಣಿಯ ತುಂಡಿನಲ್ಲೂ ಇಂಥದೇ ಕಂಡಿಯ ಮೂಲೆಯಲ್ಲಿ ದಣಿವಿನ ಗುರುತು ಸಿಕ್ಕಿತು. ಅಲ್ಲಿಗೆ ಊಹೆಗಳು ಮುಗಿದವು.

ಹಾಗಾದರೆ ಮೊದಲಿನ 16,000? ಆ ಒಡಲಿನ ಭಾಗವನ್ನು ದಣಿವಿನ ಪರೀಕ್ಷೆಗೆ ಮುಂಚೆ ಬಲಪರೀಕ್ಷೆಗೂ ಬಳಸಿ, ಹಾರಾಟದ ಒತ್ತಡದ ಎರಡರಷ್ಟು ಒತ್ತಡ ಕೊಟ್ಟಿದ್ದರು. ಆಗ ಕಿಟಕಿ ಮೂಲೆಯಂಥ ಜಾಗಗಳಲ್ಲಿ ಲೋಹ ಶಾಶ್ವತವಾಗಿ ತುಸು ಎಳೆದುಕೊಂಡಿತು. ಒತ್ತಡ ಇಳಿದ ಮೇಲೆ ಸುತ್ತಲಿನ ಲೋಹ ಆ ಜಾಗವನ್ನು ಅದುಮಿ ಹಿಡಿಯಿತು. ಅದುಮಿದ ಕಡೆ ಬಿರುಕು ಬಾಯಿ ಬಿಡುವುದು ಕಷ್ಟ. ಅಂದರೆ ಗಟ್ಟಿತನ ಪರೀಕ್ಷಿಸಲು ಹೋಗಿ ತುಂಡಿನ ಆಯುಷ್ಯವನ್ನೇ ಹೆಚ್ಚಿಸಿದ್ದರು. ಯಾರದೂ ಮೋಸವಲ್ಲ, ತುಂಡು ಉಳಿಸುವ ಮಿತವ್ಯಯ ಅಷ್ಟೇ. ‘ಈ ತುಂಡು ಹೊಸದೇ?’ ಎಂಬ ಒಂದು ಪ್ರಶ್ನೆ ಅದನ್ನು ಹೊರಗೆಳೆಯುತ್ತಿತ್ತು.

ತುಕ್ಕು ಜೊತೆಗೂಡಿದಾಗ ಕೇಳಬೇಕಾದ್ದು ಬೇರೆ: ಪರೀಕ್ಷೆ ಎಷ್ಟು ವೇಗವಾಗಿ ನಡೆಯಿತು? ಸಮುದ್ರದಲ್ಲಿ ನೆಟ್ಟ ಉಕ್ಕಿನ ಕಂಬವನ್ನೇ ತೆಗೆದುಕೊಳ್ಳಿ. ‘ಉಪ್ಪುನೀರಿನಲ್ಲಿ ಒಂದು ಕೋಟಿ ಹೊಡೆತ ತಾಳಿದೆ’ ಎಂದು ಉಪನ್ಯಾಸಕರು ತೆರೆಯ ಮೇಲೆ ತೋರಿಸಬಹುದು. ಸೆಕೆಂಡಿಗೆ 50 ಹೊಡೆತದಂತೆ ಯಂತ್ರ ಓಡಿಸಿದರೆ ಅದು ಎರಡೂಕಾಲು ದಿನದ ಕೆಲಸ. ನಿಜವಾದ ಅಲೆ ಹತ್ತು ಸೆಕೆಂಡಿಗೊಂದು ಬಂದರೆ ಅಷ್ಟೇ ಹೊಡೆತಕ್ಕೆ ಮೂರು ವರ್ಷ ದಾಟುತ್ತದೆ. ಬಿರುಕಿನ ತುದಿಯಲ್ಲಿ ತುಕ್ಕಿಗೆ ಸಮಯ ಬೇಕು. ವೇಗದ ಯಂತ್ರ ಅದಕ್ಕೆ ಸಮಯ ಕೊಡುವುದೇ ಇಲ್ಲ. ಒಣ ಗಾಳಿಯಲ್ಲಿ ಉಕ್ಕಿಗೆ ಒಂದು ಮಿತಿಯಿದೆ, ಅದಕ್ಕಿಂತ ಕಡಿಮೆ ಬಲಕ್ಕೆ ಎಷ್ಟು ಹೊಡೆದರೂ ಮುರಿಯದು. ಉಪ್ಪುನೀರಿನಲ್ಲಿ ಆ ಮಿತಿಯನ್ನು ನಂಬುವಂತಿಲ್ಲ.

ಇದನ್ನು ತೀರ್ಮಾನಿಸಲು ನಾಲ್ಕು ಗುಂಪಿನ ಹೊಸ ತುಂಡುಗಳು ಬೇಕು: ಒಣ ಗಾಳಿಯಲ್ಲಿ ವೇಗವಾಗಿ, ಒಣ ಗಾಳಿಯಲ್ಲಿ ನಿಧಾನವಾಗಿ, ಉಪ್ಪುನೀರಿನಲ್ಲಿಯೂ ಹಾಗೇ ಎರಡು ಬಗೆ. ಗಾಳಿಯಲ್ಲಿ ವೇಗದಿಂದ ವ್ಯತ್ಯಾಸವಾಗದೆ, ನೀರಿನಲ್ಲಿ ಮಾತ್ರ ನಿಧಾನದ ತುಂಡುಗಳು ಕಡಿಮೆ ಹೊಡೆತಕ್ಕೇ ಮುರಿದರೆ ತಪ್ಪಿತಸ್ಥ ತುಕ್ಕು. ಒಂದೊಂದೇ ತುಂಡು ಸಾಲದು. ಒಂದೇ ಬಲದಲ್ಲಿ ಎರಡು ತುಂಡುಗಳ ಆಯುಷ್ಯ ಹಲವು ಪಟ್ಟು ಬೇರೆಯಾಗುವುದು ದಣಿವಿನ ಪರೀಕ್ಷೆಯಲ್ಲಿ ಸಾಮಾನ್ಯ.

ಮೂರು ವರ್ಷ ಕಾಯುವವರು ಯಾರು ಎಂದು ಉಪನ್ಯಾಸಕರು ತಿರುಗಿ ಕೇಳಿದರೆ ಅದೂ ನ್ಯಾಯವೇ. ಮೊದಲೇ ಬಿರುಕು ಮಾಡಿದ ತುಂಡನ್ನು ನೀರಿನಲ್ಲಿಟ್ಟು, ಅಲೆಯ ವೇಗದಲ್ಲೇ ಒಂದು ಲಕ್ಷ ಹೊಡೆತ ಕೊಟ್ಟು, ಬಿರುಕು ಎಷ್ಟು ಬೆಳೆಯಿತೆಂದು ಅಳೆಯಬಹುದು. ಅದಕ್ಕೆ ಹನ್ನೆರಡು ದಿನ ಸಾಕು. ಆದರೆ ಬಿರುಕು ಬೆಳೆಯುವ ಗತಿ ಮಾತ್ರ ಅದರಿಂದ ತಿಳಿಯುತ್ತದೆ. ತುಕ್ಕು ಕೊರೆದ ಗುಳಿಯಿಂದ ಮೊದಲ ಬಿರುಕು ಹುಟ್ಟಲು ಎಷ್ಟು ಕಾಲ ಬೇಕೆಂಬುದಕ್ಕೆ ಆ ಪರೀಕ್ಷೆಯಲ್ಲಿ ಉತ್ತರವಿಲ್ಲ.